ಆರ್-ಸ್ಕ್ವೇರ್ 0.99 ಬಂದಿದೆ, ಇನ್ನೂ ರೆಸಿಡ್ಯುಯಲ್ ಪ್ಲಾಟ್ ಯಾಕೆ ನೋಡಬೇಕು?

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಈ ಸಲ ಲೆಕ್ಕ ಸಮೇತ ಹೇಳುತ್ತೇನೆ. ಆರ್ ಸಾಫ್ಟ್‌ವೇರ್ ಜೊತೆಗೇ ಬರುವ `women` ಡೇಟಾ ತೆಗೆದುಕೊಳ್ಳಿ. ಅದರಲ್ಲಿ 30ರಿಂದ 39 ವರ್ಷದ ಅಮೆರಿಕದ ಮಹಿಳೆಯರ ಸರಾಸರಿ ಎತ್ತರ, ತೂಕ ಇದೆ. ಇರುವುದು ಬರೀ 15 ಸಾಲು.

```
m <- lm(weight ~ height, data = women)
plot(m, which = 1)
```

ಆರ್-ಸ್ಕ್ವೇರ್ 0.991 ಬರುತ್ತದೆ. ಇಲ್ಲಿಗೇ ನಿಲ್ಲಿಸುವವರೇ ಜಾಸ್ತಿ. ಆದರೆ ರೆಸಿಡ್ಯುಯಲ್, ಅಂದರೆ ನಿಜವಾದ ತೂಕದಿಂದ ಮಾಡೆಲ್ ಹೇಳಿದ ತೂಕ ಕಳೆದರೆ ಉಳಿಯುವುದು, ಏನು ಹೇಳುತ್ತಿದೆ ನೋಡಿ. 58ರಿಂದ 61 ಇಂಚಿನವರೆಗೆ ನಾಲ್ಕೂ ಸೊನ್ನೆಗಿಂತ ಮೇಲೆ. ಆಮೇಲೆ 69ರವರೆಗೆ ಎಂಟೂ ಕೆಳಗೆ. ಕೊನೆಯ ಮೂರು ಮತ್ತೆ ಮೇಲೆ, 72 ಇಂಚಿಗೆ 3.1 ಪೌಂಡ್. ಆಕಸ್ಮಿಕವಾಗಿ ಉಳಿದ ತಪ್ಪುಗಳು ಹೀಗೆ ಸಾಲಾಗಿ ನಿಲ್ಲುವುದಿಲ್ಲ, ಅಲ್ವಾ? ಇದು ಬೋಗುಣಿಯಂತೆ ಬಾಗಿದ ಗೆರೆ.

ಆರ್-ಸ್ಕ್ವೇರ್‌ಗೆ ಇದು ಕಾಣುವುದೇ ಇಲ್ಲ. ತೂಕದ ಏರಿಳಿತದಲ್ಲಿ ಎಷ್ಟು ಪಾಲನ್ನು ಗೆರೆ ಹಿಡಿಯಿತು ಎಂದಷ್ಟೇ ಅದು ಅಳೆಯುತ್ತದೆ. ಉಳಿದ ಚೂರಿಗೆ ಯಾವ ಆಕಾರವಿದೆ ಎಂದು ಅದು ಕೇಳುವುದಿಲ್ಲ. ಸ್ವಲ್ಪವೇ ಬಾಗಿ ಏರುತ್ತಾ ಹೋಗುವ ವಕ್ರರೇಖೆಗೆ ನೇರ ಗೆರೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ, ಅದಕ್ಕೇ 0.99. ಮಾಡೆಲ್‌ಗೆ `I(height^2)` ಸೇರಿಸಿ ನೋಡಿ. ಡೇಟಾ ದಾಟಿ 75 ಇಂಚಿಗೆ ಹೋದರೆ ನೇರ ಗೆರೆ 171 ಪೌಂಡ್ ಅನ್ನುತ್ತದೆ, ಬಾಗಿದ್ದು 178. ಎರಡರಲ್ಲಿ ಯಾವುದು ಸರಿ ಅಂತ ಅಷ್ಟು ದೂರದಲ್ಲಿ ಹೇಳಲಾಗದು. ಆದರೆ 0.99 ನಂಬಿ ನೇರ ಗೆರೆಯನ್ನು ಸುಮ್ನೆ ಎಳೆದುಕೊಂಡು ಹೋದರೆ ಈ 7 ಪೌಂಡ್ ಅಂತರ ಗಮನಕ್ಕೇ ಬರುವುದಿಲ್ಲ.

ರೆಸಿಡ್ಯುಯಲ್‌ಗಳು ಒಂದು ಕಡೆ ಕಿರಿದಾಗಿದ್ದು ಇನ್ನೊಂದು ಕಡೆ ಹರಡಿಕೊಳ್ಳುವ ಫನಲ್ ಆಕಾರ ಬೇರೆ ಕಾಯಿಲೆ. `cars` ಡೇಟಾದಲ್ಲಿ ವೇಗದಿಂದ ಬ್ರೇಕ್ ಅಂತರ ಊಹಿಸಿ. ಗಂಟೆಗೆ 10 ಮೈಲಿವರೆಗೆ ರೆಸಿಡ್ಯುಯಲ್ 13 ಅಡಿ ದಾಟುವುದಿಲ್ಲ. 24 ಮೈಲಿಯಲ್ಲಿ ಒಂದು 43 ಅಡಿ ಇದೆ. ಇಲ್ಲಿ ಗೆರೆಯ ಇಳಿಜಾರಿಗಿಂತ ಅದರ ಸ್ಟ್ಯಾಂಡರ್ಡ್ ಎರರ್ ಮೇಲೆ ಅನುಮಾನ ಪಡಬೇಕು. `sqrt(dist)` ಹಾಕಿದರೆ ಹರಡು ಬಹುಮಟ್ಟಿಗೆ ಸಮನಾಗುತ್ತದೆ. ಒಂದು ಎಚ್ಚರಿಕೆ: ಒಂದು ತುದಿಯಲ್ಲಿ ಚುಕ್ಕೆಗಳೇ ಕಡಿಮೆ ಇದ್ದರೂ ಆ ಕಡೆ ಕಿರಿದಾದಂತೆ ಕಾಣುತ್ತದೆ.

ಯಾರೂ ಕೇಳದಿದ್ದರೂ ಇದನ್ನು ಹೇಳಲೇಬೇಕು. ಅಡ್ಡ ಅಕ್ಷದಲ್ಲಿ ಮಾಡೆಲ್ ಊಹಿಸಿದ ಮೌಲ್ಯ ಇರಲಿ, ನಿಜವಾದ ಮೌಲ್ಯ ಬೇಡ. ಅಂತರ ಆಕಸ್ಮಿಕವಾಗಿ ಜಾಸ್ತಿ ಬಂದ ಕಾರಿನ ರೆಸಿಡ್ಯುಯಲ್ಲೂ ಜಾಸ್ತಿಯೇ ಇರುತ್ತದೆ. ಹಾಗಾಗಿ ಮಾಡೆಲ್ ಸರಿಯಿದ್ದರೂ ಚುಕ್ಕೆಗಳು ಮೇಲಕ್ಕೆ ಏರಿದಂತೆ ಕಾಣುತ್ತವೆ. `cars`ನಲ್ಲಿ ಈ ಹುಸಿ ಕೋರಿಲೇಷನ್ 0.59, ಅಂದರೆ 1ರಿಂದ ಆರ್-ಸ್ಕ್ವೇರ್ 0.65 ಕಳೆದು ತೆಗೆದ ವರ್ಗಮೂಲ.