ಕ್ಷಣಕ್ಷಣಕ್ಕೂ ಬಡ್ಡಿ ಸೇರಿದರೂ ಸಿಗುವುದು ಕಾಲು ಶೇಕಡ

ಠೇವಣಿ ಲೆಕ್ಕ ತೋರಿಸಲು ಬರುವವರಲ್ಲಿ ಕೆಲವರು ಎಕ್ಸೆಲ್ ಹಾಳೆಯನ್ನೂ ತರುತ್ತಾರೆ. ಒಂದು ಲಕ್ಷ ರೂಪಾಯಿ, ಶೇ 7 ಬಡ್ಡಿ, ಐದು ವರ್ಷ. ಹಾಳೆಯಲ್ಲಿ 1,41,907 ಎಂದಿದೆ, ಬ್ಯಾಂಕಿನ ರಸೀದಿಯಲ್ಲಿ 1,41,478. "ಬ್ಯಾಂಕಿನವರು 429 ರೂಪಾಯಿ ನುಂಗಿದ್ದಾರೆ" ಎಂಬುದು ದೂರು. ನುಂಗಿಲ್ಲ. ಹಾಳೆಯಲ್ಲಿರುವುದು ಮೊದಲ ಸೂತ್ರ, ಬ್ಯಾಂಕಿನದು ಎರಡನೆಯದು:

```
=100000*EXP(0.07*5)
=100000*(1+0.07/4)^(4*5)
```

ಮೊದಲನೆಯದು ನಿರಂತರ ಚಕ್ರಬಡ್ಡಿ: ಪ್ರತಿ ಕ್ಷಣವೂ ಬಡ್ಡಿ ಅಸಲಿಗೆ ಸೇರುತ್ತದೆ ಎಂಬ ಊಹೆ. ಎರಡನೆಯದರಲ್ಲಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ. ನಮ್ಮ ಬ್ಯಾಂಕುಗಳ ನಿಶ್ಚಿತ ಠೇವಣಿಯಲ್ಲಿ ಸಾಮಾನ್ಯವಾಗಿ ನಡೆಯುವುದು ಇದೇ. ವರ್ಷಕ್ಕೊಮ್ಮೆ ಮಾತ್ರ ಸೇರಿಸಿದರೆ ಅದೇ ಹಣ 1,40,255 ಆಗುತ್ತದೆ. ವಾರ್ಷಿಕಕ್ಕೂ ನಿರಂತರಕ್ಕೂ ಐದು ವರ್ಷದಲ್ಲಿ ಸುಮಾರು 1,650 ರೂಪಾಯಿ ಅಂತರ. ಅದರ ಮುಕ್ಕಾಲು ಭಾಗ ಬ್ಯಾಂಕು ಆಗಲೇ ಕೊಟ್ಟಿದೆ. ಈ ಮುಕ್ಕಾಲು ಎಲ್ಲಿಂದ ಬಂತು ಎಂಬುದರಲ್ಲೇ ಸೂತ್ರದ ಗುಟ್ಟಿದೆ.

ಒಂದೇ ವರ್ಷವನ್ನು ತೆಗೆದುಕೊಳ್ಳೋಣ, ವಾರ್ಷಿಕ ದರ r ಎನ್ನೋಣ. ವರ್ಷವನ್ನು n ಸಮಭಾಗ ಮಾಡಿ, ಪ್ರತಿ ಭಾಗದ ಕೊನೆಗೆ r/n ದರದಲ್ಲಿ ಬಡ್ಡಿ ಸೇರಿಸಿದರೆ ಒಂದು ರೂಪಾಯಿ (1 + r/n)ⁿ ಆಗುತ್ತದೆ. ಇದನ್ನು ದ್ವಿಪದ ಪ್ರಮೇಯದಿಂದ ಬಿಡಿಸಿದರೆ ಹೀಗೆ ಕಾಣುತ್ತದೆ:

```
1 + r + (r²/2)(1 − 1/n) + (r³/6)(1 − 1/n)(1 − 2/n) + …
```

ಮೊದಲ ಪದ ಅಸಲು. ಎರಡನೆಯದು ಅಸಲಿನ ಮೇಲಿನ ಬಡ್ಡಿ. n ಎಷ್ಟೇ ಇದ್ದರೂ ಇದು ಬದಲಾಗುವುದಿಲ್ಲ. ಮೂರನೆಯದು ಬಡ್ಡಿಯ ಮೇಲಿನ ಬಡ್ಡಿ. ವಾರ್ಷಿಕದಲ್ಲಿ n = 1, ಆದ್ದರಿಂದ ಆ ಪದವೇ ಸೊನ್ನೆ. ತ್ರೈಮಾಸಿಕದಲ್ಲಿ (1 − 1/4), ಅಂದರೆ ಮುಕ್ಕಾಲು ದಕ್ಕುತ್ತದೆ. ತಿಂಗಳಿಗೊಮ್ಮೆಯಾದರೆ ಹನ್ನೆರಡರಲ್ಲಿ ಹನ್ನೊಂದು ಭಾಗ. n ಬೆಳೆದಂತೆ 1/n, 2/n ಎಲ್ಲ ಕರಗಿ, ಮೊತ್ತವು 1 + r + r²/2 + r³/6 + … ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದೇ eʳ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಗಣಿತಜ್ಞ ಯಾಕೋಬ್ ಬರ್ನೂಲಿ e ಎಂಬ ಈ ಸಂಖ್ಯೆಯನ್ನು ಎದುರುಗೊಂಡದ್ದು ಚಕ್ರಬಡ್ಡಿಯ ಪ್ರಶ್ನೆಯಲ್ಲೇ. ಶೇ 100 ಬಡ್ಡಿಗೆ ಒಂದು ರೂಪಾಯಿ ಇಟ್ಟರೆ ವರ್ಷಕ್ಕೆ ಸುಮಾರು 2.718 ಆಗುತ್ತದೆ, ಎಷ್ಟು ಚೂರು ಮಾಡಿದರೂ ಅದನ್ನು ದಾಟುವುದಿಲ್ಲ. ಕಂತು ಹೆಚ್ಚಿದಷ್ಟೂ ಹಣ ಮಿತಿಯಿಲ್ಲದೆ ಬೆಳೆಯುತ್ತದೆ ಎಂಬ ಭ್ರಮೆ ಇಲ್ಲಿಗೆ ಮುಗಿಯಿತು: ಕಂತು ಹೆಚ್ಚಿದಂತೆ ಪ್ರತಿ ಕಂತಿನ ದರವೂ ಕಡಿಮೆಯಾಗುತ್ತದಲ್ಲ.

ಈಗ r = 0.07 ಇಡಿ. ಲಕ್ಷಕ್ಕೆ r²/2 ಎಂದರೆ 245 ರೂಪಾಯಿ, r³/6 ಎಂದರೆ ಆರು ರೂಪಾಯಿಗೂ ಕಡಿಮೆ, ಮುಂದಿನವು ಚಿಲ್ಲರೆ. ಒಟ್ಟು ಸುಮಾರು 251. ಶೇ 7ರ ನಿರಂತರ ಬಡ್ಡಿ ಎಂದರೆ ಶೇ 7.25ರ ವಾರ್ಷಿಕ ಬಡ್ಡಿ, ಅಷ್ಟೇ. ನಾಳೆ ಯಾವುದೋ ಬ್ಯಾಂಕು ಪ್ರತಿದಿನ ಬಡ್ಡಿ ಸೇರಿಸುತ್ತೇವೆ ಎಂದು ಘೋಷಿಸಿದರೂ ಮರುಳಾಗಬೇಡಿ. ನಮ್ಮ ಐದು ವರ್ಷದ ಲೆಕ್ಕದಲ್ಲಿ ದೈನಿಕಕ್ಕೂ ನಿರಂತರಕ್ಕೂ ಇರುವ ಅಂತರ ಐದು ರೂಪಾಯಿ. ಆದರೆ ಅಂತರ ದರದ ವರ್ಗದಂತೆ ಬೆಳೆಯುತ್ತದೆ ಎಂಬುದು ನೆನಪಿರಲಿ. ಶೇ 24ರ ಸಾಲದಲ್ಲಿ ವಾರ್ಷಿಕಕ್ಕೂ ನಿರಂತರಕ್ಕೂ ಇರುವ ವ್ಯತ್ಯಾಸ ವರ್ಷಕ್ಕೆ ಶೇ 3 ದಾಟುತ್ತದೆ. ಸಾಲದ ಪತ್ರದಲ್ಲಿ ಬಡ್ಡಿ ಸೇರುವ ಅವಧಿಯನ್ನು ಓದಬೇಕಾದದ್ದು ಅದಕ್ಕೆ.

ಹಾಗಾದರೆ ಎರಡು ಠೇವಣಿಗಳನ್ನು ಹೋಲಿಸುವುದು ಹೇಗೆ? ಎರಡನ್ನೂ ವಾರ್ಷಿಕ ದರಕ್ಕೆ ತನ್ನಿ. ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರದ ದರ 2023ರ ಏಪ್ರಿಲ್‌ನಲ್ಲಿ ಶೇ 7.7ಕ್ಕೆ ಏರಿತು, ಅಲ್ಲಿ ಬಡ್ಡಿ ವರ್ಷಕ್ಕೊಮ್ಮೆ ಸೇರುತ್ತದೆ. ಎದುರಿಗೆ ಶೇ 7.5ರ ತ್ರೈಮಾಸಿಕ ಬ್ಯಾಂಕ್ ಠೇವಣಿ ಇದೆ ಎನ್ನಿ. ಮೇಲ್ನೋಟಕ್ಕೆ ಅಂಚೆಯದೇ ಲಾಭ. ಆದರೆ 1.01875ನ್ನು ನಾಲ್ಕು ಬಾರಿ ಗುಣಿಸಿದರೆ 1.0771 ಬರುತ್ತದೆ, ಅಂದರೆ ವಾರ್ಷಿಕ ಶೇ 7.71. ಐದು ವರ್ಷಕ್ಕೆ ಲಕ್ಷದ ಮೇಲೆ ಬ್ಯಾಂಕಿನಲ್ಲಿ 1,44,995, ಅಂಚೆಯಲ್ಲಿ 1,44,903.

ಬ್ಯಾಂಕಿನ ಜಾಹೀರಾತಿನಲ್ಲಿ ಕೆಲವೊಮ್ಮೆ "ಪ್ರತಿಫಲ ಶೇ 9" ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಮೇಲಿನ ಠೇವಣಿಯ ಒಟ್ಟು ಬಡ್ಡಿ 44,995ನ್ನು ಐದರಿಂದ ಭಾಗಿಸಿ ನೋಡಿ, ಆ ಒಂಬತ್ತು ಅಲ್ಲಿಯೇ ಸಿಗುತ್ತದೆ. ಅದು ಐದು ವರ್ಷದ ಚಕ್ರಬಡ್ಡಿಯನ್ನು ಸರಳಬಡ್ಡಿಯಂತೆ ಹಂಚಿ ತೋರಿಸಿದ ಅಂಕಿ, 7.7ರ ಪಕ್ಕದಲ್ಲಿ ಇಟ್ಟು ಹೋಲಿಸುವಂಥದ್ದಲ್ಲ.