ಮಳೆಗಾಲದಲ್ಲಿ ಕೈಗೆ ಯಾವ ವಾಚ್ ಬೆಲ್ಟ್?

ಆಟಿ ತಿಂಗಳಲ್ಲಿ ಸುರತ್ಕಲ್‌ನಿಂದ ಮಂಗಳೂರಿನ ಹಂಪನಕಟ್ಟೆಗೆ ಸ್ಕೂಟರಿನಲ್ಲಿ ಬರುವವರ ಮಣಿಕಟ್ಟನ್ನು ಯೋಚಿಸಿ. ಮೇಲೆ ರೈನ್‌ಕೋಟಿನ ತೋಳು. ಒಳಗೆ ಸಿಲಿಕೋನ್ ಬೆಲ್ಟಿನ ಫಿಟ್ನೆಸ್ ಬ್ಯಾಂಡ್. ಗಾಳಿಯೇ ತೇವದಿಂದ ತುಂಬಿರುವಾಗ ಬೆವರು ಆರುವುದಿಲ್ಲ. ತೋಳಿನ ಅಂಚಿನಿಂದ ಮಳೆನೀರೂ ಇಳಿಯುತ್ತದೆ.

ಸಿಲಿಕೋನ್ ನೀರು ಹೀರುವುದಿಲ್ಲ, ನಿಜ. ಆದರೆ ಅಡಿಯಲ್ಲಿ ಸಿಕ್ಕಿಕೊಂಡ ನೀರನ್ನು ಹೊರಗೂ ಬಿಡುವುದಿಲ್ಲ. ಗಂಟೆಗಟ್ಟಲೆ ಒದ್ದೆಯಾಗಿದ್ದ ಚರ್ಮದ ಮೇಲ್ಪದರ ನೀರು ಕುಡಿದು ಊದಿ ಮೆತ್ತಗಾಗುತ್ತದೆ. ಬೆಲ್ಟಿನ ತಿಕ್ಕಾಟ, ಬೆವರಿನ ಉಪ್ಪು, ಕೈತೊಳೆದಾಗ ಉಳಿದ ಸೋಪು ಸೇರಿದರೆ ಸಾಕು, ಸಂಜೆಗೆ ಬೆಲ್ಟಿನಷ್ಟೇ ಅಗಲದ ಕೆಂಪು ಪಟ್ಟಿ ಕಾಣುತ್ತದೆ. ಇದನ್ನು ಅಲರ್ಜಿ ಅಂದುಕೊಳ್ಳುವವರು ಜಾಸ್ತಿ. ಬ್ಯಾಂಡ್ ತೆಗೆದಿಟ್ಟು ಚರ್ಮ ಒಣಗಿಸಿದರೆ ಕೆಲವು ದಿನಗಳಲ್ಲಿ ಇಳಿಯುವಂಥದ್ದು ಸಾಮಾನ್ಯವಾಗಿ ಒದ್ದೆಯ ಉರಿ. ಬಕಲ್ ತಾಗುವ ಜಾಗದಲ್ಲಿ ಮಾತ್ರ ತುರಿಕೆ, ಗುಳ್ಳೆ ಬಂದರೆ ಲೋಹದ ನಿಕಲ್ ಮೇಲೆ ಅನುಮಾನಪಡಬೇಕು. ಅಂಚು ಉಬ್ಬಿ, ಉಂಗುರದಂತೆ ಹರಡುತ್ತಿದ್ದರೆ ಅದು ಫಂಗಸ್ ಇರಬಹುದು. ಸುಮ್ನೆ ಸಿಕ್ಕಿದ ಕ್ರೀಮ್ ಹಚ್ಚದೆ ಚರ್ಮದ ಡಾಕ್ಟರಿಗೆ ತೋರಿಸಿ.

ನಾಡಿಬಡಿತ ಅಳೆಯುವ ಹಸಿರು ಬೆಳಕು ಚರ್ಮಕ್ಕೆ ತಾಗಿಯೇ ಇರಬೇಕು. ಅದಕ್ಕೇ ಜನ ಬಿಗಿಯಾಗಿ ಕಟ್ಟುತ್ತಾರೆ. ಆ ಬಿಗಿ ನಡೆಯುವಾಗ, ಓಡುವಾಗ ಸಾಕು. ಉಳಿದ ಹೊತ್ತು ಒಂದು ತೂತು ಸಡಿಲಿಸಿ. ಆಫೀಸಿಗೆ ಬಂದ ಕೂಡಲೇ ಬಿಚ್ಚಿ, ಬೆಲ್ಟಿನ ಅಡಿಯನ್ನೂ ಕೈಯನ್ನೂ ಒರೆಸಿ, ಸ್ವಲ್ಪ ಹೊತ್ತು ಫ್ಯಾನ್ ಗಾಳಿಗೆ ಬಿಡಿ.

ಲೆದರ್ ಬೆಲ್ಟನ್ನು ಜೂನ್‌ನಲ್ಲೇ ತೆಗೆದಿಡುವುದು ಒಳ್ಳೆಯದು. ಅದು ಬೆವರು ಹೀರುತ್ತದೆ, ಬೇಗ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಕಪಾಟಿನಲ್ಲಿ ಇಟ್ಟರೂ ಬೂಷ್ಟು ಬರುತ್ತದೆ, ಆಗಾಗ ಹೊರಗೆ ತೆಗೆಯಬೇಕು.

ಸ್ಟೀಲ್ ಚೈನಿನ ಕೊಂಡಿಗಳ ನಡುವೆ ಗಾಳಿಯಾಡುತ್ತದೆ. ತುಕ್ಕು ತಡೆಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ. ಬೆವರಿನ ಕ್ಲೋರೈಡ್ ಆ ಪೊರೆಯನ್ನು ಕೆಡಿಸುತ್ತದೆ. ಕೊಂಡಿಯ ಸಂದಿಯಲ್ಲಿ ಕೊಳೆ ಕೂತರೆ ಅಲ್ಲಿಗೆ ಆಮ್ಲಜನಕ ತಲುಪದು, ಪೊರೆ ಮತ್ತೆ ಕಟ್ಟದು. 2-3 ಶೇಕಡಾ ಮಾಲಿಬ್ಡಿನಂ ಇರುವ 316L ಸ್ಟೀಲ್ ಇದನ್ನು ಹೆಚ್ಚು ತಾಳುತ್ತದೆ. ಪಣಂಬೂರಿನ ಸಮುದ್ರದಲ್ಲಿ ಕೈ ಅದ್ದಿ ಬಂದ ದಿನ ವಾಚಿಗೆ ನೀರು ತಾಳುವ ಶಕ್ತಿ ಇದ್ದರೆ ಚೈನನ್ನು ಸಿಹಿನೀರಿನಲ್ಲಿ ಹಳೇ ಬ್ರಷ್‌ನಿಂದ ಉಜ್ಜಿ ತೊಳೆಯಿರಿ.

ನಮ್ಮ ಮಳೆಗೆ ನನ್ನ ಆಯ್ಕೆ ನೈಲಾನ್ ಬಟ್ಟೆಯ ಬೆಲ್ಟ್, ಅದೂ ಎರಡು. ನೇಯ್ಗೆಯ ಮೂಲಕ ಆವಿ ಹೊರಗೆ ಹೋಗುತ್ತದೆ. ಎಳೆಗಳ ನಡುವೆ ನೀರು ನಿಲ್ಲುವುದು ಅದರ ದೋಷ, ಒದ್ದೆಯಾದದ್ದನ್ನೇ ಕಟ್ಟಿಕೊಂಡರೆ ಸಿಲಿಕೋನ್‌ಗಿಂತ ಸುಖವೇನಿಲ್ಲ, ವಾಸನೆಯೂ ಬರುತ್ತದೆ. ಅದಕ್ಕೇ ಒಂದು ಕೈಯಲ್ಲಿದ್ದಾಗ ಇನ್ನೊಂದು ತೊಳೆದು ಒಣಗುತ್ತಿರಬೇಕು.

ಬೆಲ್ಟ್ ಬದಲಿಸುವಾಗ ಅದನ್ನು ಹಿಡಿದಿಡುವ ಸ್ಪ್ರಿಂಗ್ ಪಿನ್ ನೋಡಿ. ತುದಿಯಲ್ಲಿ ಕಂದು ಪುಡಿ ಕಂಡರೆ, ಒತ್ತಿದಾಗ ಪುಟಿಯದಿದ್ದರೆ, ಆ ಪಿನ್ ಬದಲಿಸಿಯೇ ವಾಚ್ ಕಟ್ಟಿ.