ಡಬ್ಬಿಯಲ್ಲಿ ಅರ್ಧಕ್ಕರ್ಧ, ಎಂಜಿನ್ನಿನಲ್ಲಿ ಕಾಲು ಭಾಗ

ಹೋದ ಬೇಸಿಗೆಯಲ್ಲಿ ಚಿಕ್ಕಬಳ್ಳಾಪುರದ ಕಡೆಯಿಂದ ನಮ್ಮ ಗ್ಯಾರೇಜಿಗೆ ಒಂದು ಕಾರು ಬಂತು. "ಎಂಟು ತಿಂಗಳ ಹಿಂದಷ್ಟೇ ಫ್ಲಶ್ ಮಾಡಿಸಿ ಹೊಸ ಕೂಲೆಂಟ್ ಹಾಕ್ಸಿದೀನಿ ಸರ್. ಆಗ್ಲೇ ತುಕ್ಕು ಬಣ್ಣ ಬಂದಿದೆ" ಎಂದರು ಮಾಲೀಕರು. ಒಂದು ಹನಿ ತೆಗೆದು ರಿಫ್ರಾಕ್ಟೋಮೀಟರಿನಲ್ಲಿ ನೋಡಿದೆ. ಕೂಲೆಂಟ್ ಇದ್ದದ್ದು ಶೇ. 25ರಷ್ಟು ಮಾತ್ರ.

ಯಾರೂ ಮೋಸ ಮಾಡಿರಲಿಲ್ಲ. ಆ ಕಾರಿನಲ್ಲಿ ಒಟ್ಟು 5 ಲೀಟರ್ ಹಿಡಿಯುತ್ತದೆ. ಆದರೆ ರೇಡಿಯೇಟರಿನ ಕೆಳಗಿನ ಪ್ಲಗ್ ಬಿಚ್ಚಿದರೆ ಹೊರಗೆ ಬರುವುದು ಸುಮಾರು ಎರಡೂವರೆ ಲೀಟರ್. ಉಳಿದದ್ದು ಎಂಜಿನ್ ಬ್ಲಾಕ್ ಮತ್ತು ಹೀಟರಿನಲ್ಲೇ ನಿಲ್ಲುತ್ತದೆ. ಫ್ಲಶ್ ಮಾಡಿದ ಮೇಲೆ ಅಲ್ಲಿ ಉಳಿದಿದ್ದು ಬರೀ ನೀರು, ಅದೂ ಬೋರ್‌ವೆಲ್ ನೀರು. ಅದರ ಮೇಲೆ ಎರಡೂವರೆ ಲೀಟರ್ ರೆಡಿ ಮಿಕ್ಸ್ ಸುರಿದಿದ್ದರು. ರೆಡಿ ಮಿಕ್ಸ್‌ನಲ್ಲಿ ಅರ್ಧ ನೀರೇ ಅಲ್ವಾ? ಹಾಗಾಗಿ 5 ಲೀಟರಿಗೆ ಕೂಲೆಂಟ್ ಸಿಕ್ಕಿದ್ದು ಒಂದೂಕಾಲು ಲೀಟರ್. ತುಕ್ಕು ತಡೆಯುವ ರಾಸಾಯನಿಕವೂ ಅರ್ಧಕ್ಕೆ ಇಳಿಯಿತು. ಗಡಸು ನೀರು ಉಳಿದ ಕೆಲಸ ಮಾಡಿತು.

ನಾವು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಹಳೆಯದನ್ನು ಬಿಟ್ಟೆವು. ಡಿಸ್ಟಿಲ್ಡ್ ವಾಟರ್ ತುಂಬಿಸಿ, ಹೀಟರನ್ನು ಪೂರ್ತಿ ಬಿಸಿಗಿಟ್ಟು, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವ ತನಕ ಎಂಜಿನ್ ಓಡಿಸಿದೆವು. ಆರಿದ ಮೇಲೆ ಮತ್ತೆ ಬಿಟ್ಟೆವು. ನೀರು ತಿಳಿಯಾಗುವ ಹೊತ್ತಿಗೆ ಮೂರು ಸಲ ಆಗಿತ್ತು. ಕೊನೆಗೆ ನೀರು ಬೆರೆಸದ ಕಾನ್ಸಂಟ್ರೇಟನ್ನೇ ಎರಡೂವರೆ ಲೀಟರ್ ಹಾಕಿದೆವು. ಒಳಗಿದ್ದ ನೀರಿನ ಜೊತೆ ಸೇರಿ ಅದು ಅರ್ಧಕ್ಕರ್ಧ ಆಯಿತು. ಗಾಳಿ ಹೊರಡಿಸಿ, ಮರುದಿನ ಬೆಳಿಗ್ಗೆ ರಿಸರ್ವ್ ಟ್ಯಾಂಕಿನ ಮಟ್ಟವನ್ನು ಮತ್ತೊಮ್ಮೆ ನೋಡಿದೆವು.

ಹಾಗಂತ ಸುಮ್ನೆ ಜಾಸ್ತಿ ಹಾಕಬೇಡಿ. ಕೂಲೆಂಟಿನಲ್ಲಿರುವ ಗ್ಲೈಕಾಲ್‌ಗಿಂತ ನೀರೇ ಚೆನ್ನಾಗಿ ಬಿಸಿ ಹೊರುತ್ತದೆ. ಕೂಲೆಂಟ್ ಶೇ. 60 ದಾಟಿದರೆ ಎಂಜಿನ್ ತಣಿಯುವುದು ಕಷ್ಟ. ಮ್ಯಾನ್ಯುಯಲ್ ಬೇರೆ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ.

ಬಣ್ಣ ನೋಡಿ ಕೂಲೆಂಟ್ ಕೊಳ್ಳುವುದು ಇನ್ನೊಂದು ತಪ್ಪು. ಹಳೇ ಕಾಲದ ಹಸಿರು ಕೂಲೆಂಟಿನಲ್ಲಿ ಸಿಲಿಕೇಟ್, ಫಾಸ್ಫೇಟ್‌ನಂಥವು ಇರುತ್ತವೆ. ಅವು ಬೇಗ ಖರ್ಚಾಗುತ್ತವೆ, ಹಾಗಾಗಿ ಸಾಮಾನ್ಯವಾಗಿ 2 ವರ್ಷ ಅಥವಾ 40,000 ಕಿ.ಮೀ.ಗೆ ಬದಲಾಯಿಸಬೇಕು. ಓಎಟಿ ಎನ್ನುವ ಸಾವಯವ ಆಮ್ಲದ ಬಗೆ ಸುಮಾರು 5 ವರ್ಷ ಬರುತ್ತದೆ. ಅದು ಹೆಚ್ಚಾಗಿ ಕಿತ್ತಳೆ, ಗುಲಾಬಿ ಬಣ್ಣದ್ದು. ಆದರೆ ಬಣ್ಣಕ್ಕೆ ನಿಯಮವಿಲ್ಲ, ಹಸಿರು ಓಎಟಿಯೂ ಸಿಗುತ್ತದೆ. ಇವೆರಡನ್ನು ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಗ್ಗುತ್ತದೆ. ಕೆಲವು ಸಲ ಗಸಿ ಕಟ್ಟಿ ರೇಡಿಯೇಟರಿನ ಸಣ್ಣ ಕೊಳವೆಗಳೇ ಮುಚ್ಚಿಹೋಗುತ್ತವೆ.

ದಾರಿಯಲ್ಲಿ ಕೊಳಾಯಿ ನೀರು ತುಂಬಿಸಿದ್ದರೆ ಈ ವರ್ಷಗಳ ಲೆಕ್ಕ ಬಿಡಿ, ಮನೆ ತಲುಪಿದ ಮೇಲೆ ಫ್ಲಶ್ ಮಾಡಿಸಿ. ಹೊರತೆಗೆದ ಕೂಲೆಂಟನ್ನು ಅಂಗಳಕ್ಕೆ ಚೆಲ್ಲಬೇಡಿ. ಅದು ಸಿಹಿಯಾದ ವಿಷ, ನಾಯಿಗಳು ನೆಕ್ಕಿ ಸಾಯುತ್ತವೆ. ಕ್ಯಾನಿಗೆ ತುಂಬಿ, ಮುಚ್ಚಳ ಬಿಗಿದು ಗ್ಯಾರೇಜಿಗೆ ಕೊಡಿ.